ಮುಂಗಡ ಬಾಡಿಗೆ, ನಿರ್ವಹಣೆಯ ಹಣ, ಮನೆ ಕಂದಾಯ: ಯಾವುದು ಯಾವ ವರ್ಷದ ಲೆಕ್ಕ?

ಹನೂರು ತಾಲ್ಲೂಕಿನ ಮಾರ್ಟಳ್ಳಿ ತಮಿಳುನಾಡಿನ ಗಡಿಗೆ ಸಮೀಪದ ಊರು. ಇಂಥ ಊರುಗಳಲ್ಲಿ ಕಟ್ಟಡ ಕಟ್ಟಿಸಿ ಬಾಡಿಗೆಗೆ ಕೊಡುವವರು ದೊಡ್ಡ ಬಂಡವಾಳದವರಲ್ಲ. ನಿವೃತ್ತಿಯ ಹಣವನ್ನು ಇಟ್ಟಿಗೆ, ಸಿಮೆಂಟಿಗೆ ಹಾಕಿದ ಮೇಷ್ಟ್ರು, ಹೊರಗೆ ದುಡಿದು ಬಂದು ರಸ್ತೆ ಬದಿಯ ನಿವೇಶನದಲ್ಲಿ ಎರಡು ಅಂಗಡಿ ಎಬ್ಬಿಸಿದವರು, ತಂದೆಯ ಹೆಸರಿನಲ್ಲೇ ಖಾತೆ ಉಳಿದಿರುವ ಮನೆಯನ್ನು ಶಾಲೆಯ ಶಿಕ್ಷಕರಿಗೋ ಆಸ್ಪತ್ರೆಯ ನರ್ಸಿಗೋ ಕೊಟ್ಟವರು, ಇವರೇ ಹೆಚ್ಚು. ಅಂಗಡಿಯವರು ತಿಂಗಳ ಬಾಡಿಗೆ ಕೊಡುವವರೆಗೆ ಲೆಕ್ಕದಲ್ಲಿ ತೊಡಕಿಲ್ಲ. ಫೈನಾನ್ಸ್ ಕಂಪನಿಯೋ ಸಹಕಾರ ಸಂಘವೋ ಬಂದು ಒಂದು ವರ್ಷದ ಬಾಡಿಗೆಯನ್ನು ಒಟ್ಟಿಗೆ ಖಾತೆಗೆ ಹಾಕಿದ ದಿನದಿಂದ ತೊಡಕು ಶುರುವಾಗುತ್ತದೆ. ಹಣವೆಲ್ಲ ಈ ವರ್ಷ ಬಂದಿದೆ, ಹಾಗಾದರೆ ತೆರಿಗೆಯೂ ಈ ವರ್ಷವೇ ಕಟ್ಟಬೇಕೆ? ಬಾಡಿಗೆಯ ಜೊತೆ ನಿರ್ವಹಣೆಗೆಂದು ಪಡೆಯುವ ಎರಡು ಸಾವಿರವೂ ಬಾಡಿಗೆಯೇ? ಪಂಚಾಯಿತಿಗೆ ಕಟ್ಟಿದ ಕಂದಾಯವನ್ನು ಯಾವ ವರ್ಷದ ಬಾಡಿಗೆಯಿಂದ ಕಳೆಯಬೇಕು?

ಈ ಮೂರೂ ಪ್ರಶ್ನೆಗಳಿಗೆ ಕಾನೂನು ಮೂರು ಬೇರೆ ಬೇರೆ ಉತ್ತರ ಕೊಡುತ್ತದೆ. ಬಾಡಿಗೆ ಯಾವ ತಿಂಗಳಿನ ವಾಸಕ್ಕೆ ಸಂಬಂಧಿಸಿದ್ದೋ ಆ ತಿಂಗಳು ಬರುವ ವರ್ಷಕ್ಕೆ ಸೇರುತ್ತದೆ. ಕಂದಾಯ ಕಟ್ಟಿದ ದಿನ ಯಾವ ವರ್ಷದಲ್ಲಿದೆಯೋ ಆ ವರ್ಷಕ್ಕೆ ಸೇರುತ್ತದೆ. ನಿರ್ವಹಣೆಯ ಹಣವನ್ನು ಎಲ್ಲಿ ಸೇರಿಸಬೇಕೆಂಬುದು ಅದಕ್ಕೆ ಪ್ರತಿಯಾಗಿ ಮಾಲೀಕ ಏನು ಕೆಲಸ ಮಾಡಿಸಿದ ಎಂಬುದರ ಮೇಲೆ ನಿಂತಿದೆ. ಮೂರನ್ನೂ ಒಂದೇ ಮೊತ್ತವಾಗಿ ಪಾಸ್‌ಬುಕ್ಕಿನಿಂದ ಎತ್ತಿ ರಿಟರ್ನ್‌ಗೆ ಬರೆದಾಗ ಸಣ್ಣ ಮಾಲೀಕ ಕಟ್ಟಬೇಕಿಲ್ಲದ ತೆರಿಗೆ ಕಟ್ಟುತ್ತಾನೆ, ಇಲ್ಲವೇ ನೋಟಿಸ್ ಪಡೆಯುತ್ತಾನೆ.

ಮುಂಗಡ ಬಾಡಿಗೆ

ಕಟ್ಟಡದ ಬಾಡಿಗೆಗೆ ಆದಾಯ ತೆರಿಗೆ ಕಾನೂನಿನಲ್ಲಿ 'ಮನೆ ಆಸ್ತಿಯ ಆದಾಯ' ಎಂಬ ಪ್ರತ್ಯೇಕ ಶೀರ್ಷಿಕೆ ಇದೆ. ಹೆಸರಿನಲ್ಲಿ ಮನೆ ಎಂದಿದ್ದರೂ ಅಂಗಡಿ, ಗೋದಾಮು, ಕಚೇರಿ ಎಲ್ಲಕ್ಕೂ ಇದೇ ಅನ್ವಯ. 1961ರ ಕಾಯ್ದೆಯ 22ರಿಂದ 27ರವರೆಗಿನ ಕಲಂಗಳಲ್ಲಿ ಈ ವಿಷಯವಿತ್ತು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಗೆ ಬಂದು ಕಲಂಗಳ ಸಂಖ್ಯೆ ಬದಲಾಗಿದ್ದರೂ ಲೆಕ್ಕದ ಕ್ರಮ ಹಾಗೆಯೇ ಉಳಿದಿದೆ. ವರ್ಷದ ಬಾಡಿಗೆಯಿಂದ ಮಾಲೀಕ ಕಟ್ಟಿದ ಸ್ಥಳೀಯ ತೆರಿಗೆಯನ್ನು ಮೊದಲು ಕಳೆಯಬೇಕು. ಉಳಿದ ಮೊತ್ತದಲ್ಲಿ ಶೇ 30ರಷ್ಟನ್ನು, ರಿಪೇರಿ ಮಾಡಿಸಿರಲಿ ಬಿಡಲಿ, ಕಣ್ಣುಮುಚ್ಚಿ ಕಳೆಯಬಹುದು. ಬಾಡಿಗೆಗೆ ಕೊಟ್ಟ ಆಸ್ತಿಗೆ ಈ ಎರಡೂ ಕಡಿತ ಹೊಸ ತೆರಿಗೆ ಪದ್ಧತಿಯಲ್ಲೂ ಸಿಗುತ್ತವೆ. ಹೊಸ ಪದ್ಧತಿಯಲ್ಲಿ ಯಾವ ಕಡಿತವೂ ಇಲ್ಲವೆಂದು ನಂಬಿ ಬಾಡಿಗೆಯನ್ನು ಪೂರ್ತಿ ಆದಾಯವಾಗಿ ತೋರಿಸುವವರು ಅನಗತ್ಯವಾಗಿ ಕಳೆದುಕೊಳ್ಳುತ್ತಾರೆ.

ಇಲ್ಲಿ ವರ್ಷದ ಬಾಡಿಗೆ ಎಂದರೆ ಆ ವರ್ಷಕ್ಕೆ ಬಂದ ಅಥವಾ ಬರಬೇಕಾದ ಬಾಡಿಗೆ. ಮುಂದಿನ ವರ್ಷದ ತಿಂಗಳುಗಳಿಗಾಗಿ ಇಂದೇ ಕೈಸೇರಿದ ಹಣ ಈ ವರ್ಷದ ಬಾಡಿಗೆಯಲ್ಲ. ಹಳೇ ಬಾಕಿಯ ವಿಷಯ ಇದಕ್ಕೆ ತದ್ವಿರುದ್ಧ. ಮೂರು ವರ್ಷದ ಹಿಂದಿನ ಬಾಕಿಯನ್ನು ಬಾಡಿಗೆದಾರ ಇಂದು ತಂದುಕೊಟ್ಟರೆ, ಹಿಂದೆ ಅದನ್ನು ತೋರಿಸಿಲ್ಲದಿದ್ದಲ್ಲಿ, ಹಣ ಬಂದ ವರ್ಷವೇ ಶೇ 30 ಕಳೆದು ತೋರಿಸಬೇಕು. ಬಾಕಿಗೆ ಇರುವ ಈ ನಿಯಮವನ್ನೇ ಮುಂಗಡಕ್ಕೂ ಹಚ್ಚುವುದು ಸಾಮಾನ್ಯವಾಗಿ ಕಾಣುವ ತಪ್ಪು.

ಮುಂಗಡ ಬಾಡಿಗೆಯ ಜೊತೆ ಬೆರೆಯುವ ಇನ್ನೊಂದು ಹಣವಿದೆ: ಖಾಲಿ ಮಾಡುವಾಗ ವಾಪಸ್ ಕೊಡಬೇಕಾದ ಠೇವಣಿ. ನಮ್ಮ ಕಡೆಯ ಕರಾರುಗಳಲ್ಲಿ ಎರಡನ್ನೂ 'ಅಡ್ವಾನ್ಸ್' ಎಂದೇ ಬರೆದುಬಿಡುತ್ತಾರೆ. ವಾಪಸ್ ಕೊಡಬೇಕಾದದ್ದು ಮಾಲೀಕನ ಮೇಲಿನ ಸಾಲ, ಆದಾಯವಲ್ಲ. ಅದು ಯಾವ ವರ್ಷದ ಲೆಕ್ಕಕ್ಕೂ ಬರುವುದಿಲ್ಲ. ಬಾಡಿಗೆದಾರ ಹೊರಡುವ ಮುನ್ನ ಕೊನೆಯ ಮೂರು ತಿಂಗಳ ಬಾಡಿಗೆಯನ್ನು ಅದರಲ್ಲೇ ಮುರಿದುಕೊಳ್ಳಿ ಎಂದರೆ, ಮುರಿದುಕೊಂಡಷ್ಟು ಮಾತ್ರ ಆ ಮೂರು ತಿಂಗಳ ಬಾಡಿಗೆಯಾಗುತ್ತದೆ. ಆದ್ದರಿಂದ ಕರಾರಿನಲ್ಲಿ 'ಮರುಪಾವತಿಸಬೇಕಾದ ಠೇವಣಿ ಇಷ್ಟು, ಇಂಥ ತಿಂಗಳಿನಿಂದ ಇಂಥ ತಿಂಗಳವರೆಗಿನ ಮುಂಗಡ ಬಾಡಿಗೆ ಇಷ್ಟು' ಎಂದು ಎರಡು ಸಾಲಾಗಿ ಬರೆಸಬೇಕು. ಮುಂದೆ ಅಧಿಕಾರಿ ಕೇಳಿದರೆ ಮಾಲೀಕನನ್ನು ಕಾಯುವುದು ಆ ಎರಡು ಸಾಲೇ.

ಹಣವನ್ನು ನಗದಾಗಿ ಪಡೆಯುವವರು ಒಂದು ಮಿತಿಯನ್ನು ನೆನಪಿಡಬೇಕು. ಒಬ್ಬರಿಂದ ಒಂದೇ ದಿನ, ಅಥವಾ ಒಂದೇ ವ್ಯವಹಾರಕ್ಕಾಗಿ, 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಿನಲ್ಲಿ ಪಡೆದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ವರ್ಷದ ಮುಂಗಡವನ್ನು ಬ್ಯಾಂಕಿನ ಮೂಲಕ ಪಡೆಯುವುದೇ ಕ್ಷೇಮ.

ಒಂದು ಲೆಕ್ಕ, ಮೊದಲಿನಿಂದ ಕೊನೆಯವರೆಗೆ

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಮಾರ್ಟಳ್ಳಿಯ ನಿವೃತ್ತ ಮೇಷ್ಟ್ರೊಬ್ಬರ ಹೊಸ ಕಟ್ಟಡ 2024ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಕೆಳಗಿನ ಹಾಲ್ ಅನ್ನು ಒಂದು ಫೈನಾನ್ಸ್ ಕಂಪನಿ ಅಕ್ಟೋಬರ್ 1ರಿಂದ ಬಾಡಿಗೆಗೆ ಹಿಡಿಯಿತು. ಬಾಡಿಗೆ ತಿಂಗಳಿಗೆ 25,000 ರೂಪಾಯಿ. ಮೊದಲ ಹನ್ನೆರಡು ತಿಂಗಳ 3 ಲಕ್ಷವನ್ನು ಕಂಪನಿ ಸೆಪ್ಟೆಂಬರ್ ಕೊನೆಯಲ್ಲೇ ಕೊಟ್ಟಿತು. ವಾಪಸ್ ಕೊಡಬೇಕಾದ ಠೇವಣಿ 1.5 ಲಕ್ಷ ಬೇರೆ. ಮೇಷ್ಟ್ರಿಗೆ ವರ್ಷಕ್ಕೆ 6 ಲಕ್ಷ ಪಿಂಚಣಿ ಬರುತ್ತದೆ.

ಕಂಪನಿ 3 ಲಕ್ಷದಿಂದ ಶೇ 10ರಂತೆ 30,000 ಟಿಡಿಎಸ್ ಹಿಡಿದು 2.7 ಲಕ್ಷ ಹಾಕಿತು. ಠೇವಣಿಯಿಂದ ಏನೂ ಹಿಡಿಯಲಿಲ್ಲ. ಎರಡೂ ಸರಿಯೇ. ಟಿಡಿಎಸ್ ಹಿಡಿಯಬೇಕಾದದ್ದು ಹಣ ಕೊಟ್ಟಾಗ ಅಥವಾ ಲೆಕ್ಕಕ್ಕೆ ಜಮಾ ಮಾಡಿದಾಗ, ಯಾವುದು ಮೊದಲೋ ಆಗ. ಬಾಡಿಗೆ ಮುಂದಿನ ವರ್ಷದ್ದು ಎಂಬ ಕಾರಣಕ್ಕೆ ಅದನ್ನು ಮುಂದೂಡಲಾಗದು. ವಾಪಸ್ ಕೊಡಬೇಕಾದ ಠೇವಣಿಗೆ ಟಿಡಿಎಸ್ ಇಲ್ಲವೆಂಬುದನ್ನು ಕೇಂದ್ರ ನೇರ ತೆರಿಗೆ ಮಂಡಳಿ 1995ರ ಆಗಸ್ಟ್ 8ರ 715ನೇ ಸುತ್ತೋಲೆಯಲ್ಲೇ ಹೇಳಿದೆ.

ಈಗ 2024-25ರ ಲೆಕ್ಕ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಆರು ತಿಂಗಳು, ಬಾಡಿಗೆ 1,50,000. ಆ ವರ್ಷ ಪಂಚಾಯಿತಿಗೆ ಕಂದಾಯ ಕಟ್ಟಿಲ್ಲವಾದ್ದರಿಂದ ಕಳೆಯುವುದೇನೂ ಇಲ್ಲ. ಶೇ 30, ಅಂದರೆ 45,000 ಕಳೆದರೆ ಮನೆ ಆಸ್ತಿಯ ಆದಾಯ 1,05,000. ಪಿಂಚಣಿಯಲ್ಲಿ 75,000 ಕಡಿತ ಹೋಗಿ 5,25,000 ಉಳಿಯುತ್ತದೆ. ಒಟ್ಟು 6,30,000. ಆ ವರ್ಷದ ಹೊಸ ಪದ್ಧತಿಯಲ್ಲಿ 7 ಲಕ್ಷದವರೆಗೆ ರಿಯಾಯಿತಿ ಇದ್ದುದರಿಂದ ತೆರಿಗೆ ಸೊನ್ನೆ.

ಇದೇ ಮೇಷ್ಟ್ರು ಪಾಸ್‌ಬುಕ್ ನೋಡಿ 3 ಲಕ್ಷವನ್ನೂ ಆ ವರ್ಷಕ್ಕೇ ತೋರಿಸಿದ್ದರೆ? ಶೇ 30 ಕಳೆದು 2,10,000, ಪಿಂಚಣಿ ಸೇರಿ 7,35,000. ರಿಯಾಯಿತಿಯ ಗೆರೆ ದಾಟಿದ್ದರಿಂದ 23,500 ತೆರಿಗೆ, ಅದರ ಮೇಲೆ ಶೇ 4 ಸೆಸ್, ಒಟ್ಟು 24,440 ರೂಪಾಯಿ. ಆದಾಯ ಒಂದು ಪೈಸೆಯೂ ಹೆಚ್ಚಿಲ್ಲ. ಬಾಡಿಗೆಯ ಆರು ತಿಂಗಳನ್ನು ತಪ್ಪು ವರ್ಷದಲ್ಲಿ ಬರೆದದ್ದಕ್ಕೆ ತೆತ್ತ ಬೆಲೆ ಇದು. ಮುಂದಿನ 2025-26ರಲ್ಲಿ ರಿಯಾಯಿತಿಯ ಗೆರೆ 12 ಲಕ್ಷಕ್ಕೆ ಏರಿತು. ಸರಿಯಾದ ವರ್ಷದಲ್ಲಿ ಬರೆದಿದ್ದರೆ ಅಲ್ಲಿಯೂ ಅವರಿಗೆ ತೆರಿಗೆ ಬರುತ್ತಿರಲಿಲ್ಲ.

ಕಂಪನಿ ಮಧ್ಯದಲ್ಲೇ ಖಾಲಿ ಮಾಡಿದರೂ ಇದೇ ಕ್ರಮ ಉಳಿಸುತ್ತದೆ. 2025ರ ಜುಲೈ ಕೊನೆಗೆ ಅವರು ಹೊರಟು, ಆಗಸ್ಟ್ ಮತ್ತು ಸೆಪ್ಟೆಂಬರಿನ 50,000 ವಾಪಸ್ ಕೊಡಬೇಕಾಯಿತು ಎನ್ನಿ. ತಿಂಗಳ ಪ್ರಕಾರ ತೋರಿಸಿದವರು ಆ ಎರಡು ತಿಂಗಳನ್ನು ಬರೆಯದೆ ಬಿಟ್ಟರಾಯಿತು. ಎಲ್ಲವನ್ನೂ ಮೊದಲೇ ತೋರಿಸಿದವರು ತಾವು ವಾಪಸ್ ಕೊಟ್ಟ ಬಾಡಿಗೆಗೂ ತೆರಿಗೆ ಕಟ್ಟಿ ಕೂತಿರುತ್ತಾರೆ. ಪರಿಷ್ಕೃತ ರಿಟರ್ನ್ ಸಲ್ಲಿಸುವ ಗಡುವು ಕಳೆದಿದ್ದರೆ ದಾರಿ ಕಷ್ಟ. ಆಮೇಲೆ ಸಲ್ಲಿಸಬಹುದಾದ 'ಅಪ್‌ಡೇಟೆಡ್ ರಿಟರ್ನ್' ತೆರಿಗೆ ಹೆಚ್ಚು ಕಟ್ಟಲು ಮಾತ್ರ ಇದೆ, ಕಡಿಮೆ ಮಾಡಿಕೊಳ್ಳಲು ಅಲ್ಲ.

ಇನ್ನು ಹಿಡಿದಿಟ್ಟ 30,000 ಟಿಡಿಎಸ್. ಅದು ಪೂರ್ತಿಯಾಗಿ 2024-25ರ ಫಾರಂ 26ಎಎಸ್‌ನಲ್ಲಿ ಕಾಣಿಸುತ್ತದೆ. ಬಾಡಿಗೆಯ ಅರ್ಧ ತೋರಿಸಿ ಟಿಡಿಎಸ್ ಪೂರ್ತಿ ಕೇಳಿದರೆ ಗಣಕಕ್ಕೆ ಎರಡೂ ತಾಳೆಯಾಗುವುದಿಲ್ಲ, ಆದಾಯ ಕಡಿಮೆ ತೋರಿಸಿದ್ದೀರಿ ಎಂಬ ಸೂಚನೆ ಬರುತ್ತದೆ. ಇದಕ್ಕೆ ಮಂಡಳಿ 2001ರ ಮಾರ್ಚ್ 2ರ 5ನೇ ಸುತ್ತೋಲೆಯಲ್ಲಿ ಪರಿಹಾರ ಕೊಟ್ಟಿತು. ಮುಂಗಡ ಬಾಡಿಗೆ ಒಂದಕ್ಕಿಂತ ಹೆಚ್ಚು ವರ್ಷಗಳಿಗೆ ಹಂಚಿದ್ದರೆ ಟಿಡಿಎಸ್ ಅನ್ನೂ ಅದೇ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು ಎಂಬುದು ಅದರ ಸಾರ. ಮುಂದೆ ಇದೇ ತತ್ವ 37ಬಿಎ ನಿಯಮವಾಗಿ ಬಂತು. ನಮ್ಮ ಮೇಷ್ಟ್ರು 2024-25ಕ್ಕೆ 15,000 ಕೇಳಿ, ಉಳಿದ 15,000ವನ್ನು ಮುಂದಿನ ವರ್ಷಕ್ಕೆ ಒಯ್ಯಬೇಕು. ಐಟಿಆರ್-2ರ ಟಿಡಿಎಸ್ ಪಟ್ಟಿಯಲ್ಲಿ ಹೀಗೆ ಒಯ್ಯಲು ಕಾಲಂ ಇದೆ. ಮೊದಲ ವರ್ಷ ಅದನ್ನು ತುಂಬದೆ ಬಿಟ್ಟರೆ ಎರಡನೇ ವರ್ಷ ಕೇಳುವಾಗ ಆ ಹಣಕ್ಕೆ ಬೇರು ಸಿಗುವುದಿಲ್ಲ. ಎರಡೂ ವರ್ಷ ತೆರಿಗೆಯೇ ಇಲ್ಲವಾದರೂ ರಿಟರ್ನ್ ಹಾಕದೆ ಈ 30,000 ವಾಪಸ್ ಬರದು ಎಂಬುದನ್ನು ಮರೆಯಬಾರದು.

2025ರ ಏಪ್ರಿಲ್‌ನಿಂದ ಟಿಡಿಎಸ್‌ನ ಗೆರೆ ಬದಲಾಯಿತು. ಹಿಂದೆ ವರ್ಷಕ್ಕೆ 2.4 ಲಕ್ಷ ದಾಟಿದರೆ ಹಿಡಿಯಬೇಕಿತ್ತು, ಈಗ ತಿಂಗಳಿಗೆ 50,000 ದಾಟಿದರೆ ಮಾತ್ರ. ಹಾಗಾಗಿ 2025ರ ಅಕ್ಟೋಬರಿನಿಂದ ತಿಂಗಳ ಬಾಡಿಗೆ 25,000 ಕೊಡತೊಡಗಿದ ಕಂಪನಿ ಟಿಡಿಎಸ್ ಹಿಡಿಯಬೇಕಿಲ್ಲ.

ನಿರ್ವಹಣೆಗೆಂದು ಪಡೆಯುವ ಹಣ

ಮೂರರಲ್ಲಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಮೇಷ್ಟ್ರು ತಿಂಗಳಿಗೆ 2,000 ನಿರ್ವಹಣೆಗೆಂದು ಪಡೆಯುತ್ತಾರೆ ಎನ್ನಿ. ಮೆಟ್ಟಿಲು, ಶೌಚಾಲಯ ಗುಡಿಸಿ ತೊಳೆಯುವವರಿಗೆ ಕೂಲಿ, ಬೋರ್‌ವೆಲ್ ಮೋಟರಿನ ಸೆಸ್ಕ್ ಬಿಲ್, ಸಂಪು ತೊಳೆಸುವ ಖರ್ಚು ಎಲ್ಲ ಸೇರಿ ಅವರಿಗೆ ತಿಂಗಳಿಗೆ 1,800 ಖರ್ಚಾಗುತ್ತದೆ.

ಈ 2,000ವನ್ನು ಬಾಡಿಗೆಯಲ್ಲೇ ಸೇರಿಸಿ '27,000 ಬಾಡಿಗೆ' ಎಂದು ಬರೆದರೆ ಅದು ಪೂರ್ತಿ ಬಾಡಿಗೆ. ಶೇ 30 ಮಾತ್ರ ಕಳೆಯುತ್ತದೆ. ಮೊದಲ ಆರು ತಿಂಗಳ 12,000ದಲ್ಲಿ 8,400 ಆದಾಯವಾಗುತ್ತದೆ, ಕೈಯಲ್ಲಿ ಉಳಿದದ್ದು 1,200 ಮಾತ್ರವಾದರೂ. ಗುಡಿಸುವವರ ಕೂಲಿ, ಕರೆಂಟ್ ಬಿಲ್ ತೋರಿಸಿ ಹೆಚ್ಚು ಕಳೆಯಲು ಆ ಶೀರ್ಷಿಕೆಯಲ್ಲಿ ಅವಕಾಶವಿಲ್ಲ. ಅವೆಲ್ಲ ಶೇ 30ರೊಳಗೇ ಮುಗಿದವು ಎಂಬುದು ಕಾನೂನಿನ ಎಣಿಕೆ.

ಅದೇ ಹಣಕ್ಕೆ ಬೇರೆ ಕರಾರು ಅಥವಾ ಕರಾರಿನಲ್ಲೇ ಬೇರೆ ಕಲಂ ಇದ್ದು, ಯಾವ ಕೆಲಸಕ್ಕೆ ಎಂದು ಬರೆದಿದ್ದು, ರಸೀದಿಯೂ ಬೇರೆ ಇದ್ದರೆ, ಅದು ಸೇವೆಗೆ ಬಂದ ಹಣ. ಅದನ್ನು 'ಇತರ ಮೂಲಗಳ ಆದಾಯ'ದಲ್ಲಿ ತೋರಿಸಿ ನಿಜವಾದ ಖರ್ಚನ್ನು ಕಳೆಯಬಹುದು. 12,000ದಲ್ಲಿ 10,800 ಹೋಗಿ 1,200ಕ್ಕೆ ಮಾತ್ರ ತೆರಿಗೆ.

ಆದರೆ ಹೆಸರು ಬದಲಿಸಿದ ಮಾತ್ರಕ್ಕೆ ಸಾಲದು. ಶಂಭು ಇನ್ವೆಸ್ಟ್‌ಮೆಂಟ್ ಪ್ರಕರಣ ಇದಕ್ಕೆ ಎಲ್ಲರೂ ಎತ್ತಿಕೊಳ್ಳುವ ಉದಾಹರಣೆ. ಆ ಕಂಪನಿ ಕಲ್ಕತ್ತಾದಲ್ಲಿ ಪೀಠೋಪಕರಣ ಸಮೇತ ಕಚೇರಿ ಜಾಗ ಕೊಟ್ಟು, ಕಾವಲು, ನೀರು, ಕರೆಂಟ್ ಸೌಲಭ್ಯಗಳನ್ನೂ ಸೇರಿಸಿ ತಿಂಗಳ ಮೊತ್ತ ಪಡೆಯುತ್ತಿತ್ತು. ಬಡ್ಡಿಯಿಲ್ಲದ ಮುಂಗಡ ಪಡೆದು ಆಸ್ತಿಯ ವೆಚ್ಚವನ್ನೂ ಮರಳಿ ಗಳಿಸಿತ್ತು. ಇದು ವ್ಯಾಪಾರದ ಆದಾಯ, ಖರ್ಚೆಲ್ಲ ಕಳೆಯಬೇಕು ಎಂಬುದು ಅದರ ವಾದ. ಕಲ್ಕತ್ತಾ ಹೈಕೋರ್ಟ್ ಒಪ್ಪಲಿಲ್ಲ. ಮುಖ್ಯ ಉದ್ದೇಶ ಜಾಗ ಬಾಡಿಗೆಗೆ ಕೊಡುವುದೇ, ಉಳಿದವು ಅದಕ್ಕೆ ಅಂಟಿಕೊಂಡವು ಎಂದಿತು. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸೇವೆಯನ್ನು ಬಾಡಿಗೆಯಿಂದ ಬಿಡಿಸಲಾಗದಂತೆ ಬೆರೆಸಿಟ್ಟರೆ ಎಲ್ಲವೂ ಬಾಡಿಗೆಯೇ ಆಗುತ್ತದೆ. ಆದಾಯ ತೆರಿಗೆ ನ್ಯಾಯಮಂಡಳಿಗಳಿಂದ ಆಮೇಲೆ ಬಂದ ತೀರ್ಪುಗಳು ಒಂದೇ ದಿಕ್ಕಿಗಿಲ್ಲ. ಮಾಲೀಕ ವಸತಿ ಸಂಘಕ್ಕೆ ಕಟ್ಟಿದ ನಿರ್ವಹಣಾ ಶುಲ್ಕವನ್ನು ಬಾಡಿಗೆಯಿಂದ ಕಳೆಯಲು ಮುಂಬೈ ಪೀಠ ಶರ್ಮಿಳಾ ಟಾಗೋರ್ ಪ್ರಕರಣದಲ್ಲಿ ಒಪ್ಪಿತು. ಬೇರೆ ಪ್ರಕರಣಗಳಲ್ಲಿ ಶೇ 30ರ ಆಚೆಗೆ ಏನೂ ಇಲ್ಲ ಎಂಬ ಉತ್ತರವೂ ಬಂದಿದೆ.

ಹಾಗಾಗಿ ಮಾರ್ಟಳ್ಳಿಯ ಮಾಲೀಕನಿಗೆ ಹೆಚ್ಚು ಭದ್ರವಾದ ದಾರಿ ಬೇರೆಯೇ. ಸೆಸ್ಕ್ ಬಿಲ್ಲನ್ನು ಬಾಡಿಗೆದಾರರೇ ಕಟ್ಟುವಂತೆ ಮಾಡುವುದು, ಗುಡಿಸುವವರ ಕೂಲಿಯನ್ನು ಅವರೇ ನೇರವಾಗಿ ಕೊಡುವಂತೆ ಮಾಡುವುದು. ಹಣ ಮಾಲೀಕನ ಕೈಗೇ ಬರದಿದ್ದರೆ ಪ್ರಶ್ನೆಯೇ ಏಳದು. ಅದಾಗದಿದ್ದರೆ ಬೇರೆ ಕಲಂ, ಬೇರೆ ರಸೀದಿ ಪುಸ್ತಕ, ಕೂಲಿ ಕೊಟ್ಟಿದ್ದಕ್ಕೆ ಸಹಿ, ಕರೆಂಟ್ ಬಿಲ್ಲಿನ ಪ್ರತಿ ಇವುಗಳನ್ನು ಇಟ್ಟುಕೊಳ್ಳಬೇಕು.

ಕಂದಾಯದ ರಸೀದಿ

ಕಂದಾಯದ ಮಾತಿನಲ್ಲಿ ಕಾನೂನು ಸ್ಪಷ್ಟವಾಗಿದೆ: ಮಾಲೀಕನೇ ಕಟ್ಟಿರಬೇಕು, ಆ ವರ್ಷದೊಳಗೆ ಕಟ್ಟಿರಬೇಕು. ಯಾವ ವರ್ಷದ ಕಂದಾಯ ಎಂಬುದು ಮುಖ್ಯವಲ್ಲ. ನಮ್ಮ ಮೇಷ್ಟ್ರು 2024-25ರ 4,200 ಮತ್ತು 2025-26ರ 4,200 ಎರಡನ್ನೂ 2025ರ ಮೇ ತಿಂಗಳಲ್ಲಿ ಕಟ್ಟಿದರು ಎನ್ನಿ. 8,400 ಪೂರ್ತಿ 2025-26ರಲ್ಲಿ ಕಳೆಯುತ್ತದೆ. ಆ ವರ್ಷದ 3 ಲಕ್ಷ ಬಾಡಿಗೆಯಿಂದ ಅದನ್ನು ತೆಗೆದರೆ 2,91,600, ಶೇ 30 ಹೋಗಿ 2,04,120 ಆದಾಯ. ಬಾಡಿಗೆಗೆ ತಿಂಗಳು ಮುಖ್ಯ, ಕಂದಾಯಕ್ಕೆ ಕಟ್ಟಿದ ದಿನ ಮುಖ್ಯ. ಕಟ್ಟಬೇಕಾದ್ದು ಎಂದು ಬಾಕಿ ಬರೆದುಕೊಂಡರೆ ಕಡಿತ ಸಿಗದು.

ಮಾರ್ಟಳ್ಳಿಯಲ್ಲಿ ಕಂದಾಯ ಗ್ರಾಮ ಪಂಚಾಯಿತಿಗೆ ಹೋಗುತ್ತದೆ, ಹನೂರು ಮತ್ತು ಯಳಂದೂರಿನಲ್ಲಿ ಪಟ್ಟಣ ಪಂಚಾಯಿತಿಗೆ, ಕೊಳ್ಳೇಗಾಲದಲ್ಲಿ ನಗರಸಭೆಗೆ. ಆದಾಯ ತೆರಿಗೆಗೆ ಮೂರೂ ಸ್ಥಳೀಯ ಸಂಸ್ಥೆಗಳೇ, ಗ್ರಾಮ ಪಂಚಾಯಿತಿಯ ರಸೀದಿಗೆ ನಗರಸಭೆಯ ಚಲನಿನಷ್ಟೇ ಬೆಲೆ. ಪಟ್ಟಣಗಳಲ್ಲಿ ಮಾಲೀಕ ತಾನೇ ಲೆಕ್ಕ ಹಾಕಿ ಘೋಷಿಸಿಕೊಳ್ಳುವ ಪದ್ಧತಿ ಇದೆ, ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿಯೂ ಇದೆ. ರಿಯಾಯಿತಿ ಹೋಗಿ ನಿಜವಾಗಿ ಕಟ್ಟಿದಷ್ಟನ್ನೇ ಕಳೆಯಬೇಕು.

ಪಂಚಾಯಿತಿಯ ರಸೀದಿಯನ್ನು ಒಂದು ಸಲ ನಿಧಾನವಾಗಿ ಓದಬೇಕು. ಅದರಲ್ಲಿ ಕಟ್ಟಡ ತೆರಿಗೆಯ ಕೆಳಗೆ ಆರೋಗ್ಯ, ಶಿಕ್ಷಣ, ಗ್ರಂಥಾಲಯ, ಭಿಕ್ಷುಕರ ಕರಗಳು ಬರುತ್ತವೆ. ಕಟ್ಟಡ ತೆರಿಗೆಯ ಜೊತೆಗೇ ವಸೂಲಾಗುವ ಇವುಗಳನ್ನು ಅದರೊಂದಿಗೇ ಹಿಡಿಯುವುದು ರೂಢಿ. ಅದೇ ಹಾಳೆಯಲ್ಲಿ ನೀರಿನ ಶುಲ್ಕ, ಅಂಗಡಿಯ ಪರವಾನಗಿ ಶುಲ್ಕ, ತಡವಾದದ್ದಕ್ಕೆ ದಂಡ ಕೂಡ ಸೇರಿರಬಹುದು. ಇವು ಆಸ್ತಿಯ ಮೇಲಿನ ತೆರಿಗೆಯಲ್ಲ. ಕೊನೆಯ ಒಟ್ಟು ಮೊತ್ತವನ್ನೇ ಎತ್ತಿ ಬರೆದರೆ ಲೆಕ್ಕ ತಪ್ಪುತ್ತದೆ. ಬಿಲ್ ಕಲೆಕ್ಟರ್ ಒಟ್ಟು ಮೊತ್ತ ಮಾತ್ರ ಬರೆದುಕೊಟ್ಟಿದ್ದರೆ, ಬಾಬ್ತುವಾರು ವಿವರ ಇರುವ ಗಣಕೀಕೃತ ರಸೀದಿಯನ್ನು ಪಂಚಾಯಿತಿಯಿಂದ ಕೇಳಿ ಪಡೆಯಬೇಕು.

ಬಾಡಿಗೆದಾರನೇ ಕಂದಾಯ ಕಟ್ಟುವ ಕರಾರುಗಳೂ ಇವೆ. ಅಂಥಲ್ಲಿ ಮಾಲೀಕನಿಗೆ ಕಡಿತವಿಲ್ಲ. ಬಾಡಿಗೆದಾರ ಕಟ್ಟಿದ್ದನ್ನು ಮಾಲೀಕ ಬಾಡಿಗೆಗೆ ಸೇರಿಸಬೇಕಿಲ್ಲ, ಹಾಗೆಯೇ ಕಳೆಯುವಂತೆಯೂ ಇಲ್ಲ. ಇಬ್ಬರೂ ಅದೇ ರಸೀದಿಯನ್ನು ತಮ್ಮ ಲೆಕ್ಕಕ್ಕೆ ಹಚ್ಚಿಕೊಳ್ಳುವುದು ತಪ್ಪು.

ಖಾತೆ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ ರಸೀದಿಯೂ ಅದೇ ಹೆಸರಿನಲ್ಲಿ ಬರುತ್ತದೆ. ಕಟ್ಟಿದ ಹಣ ಯಾರದ್ದೆಂದು ತೋರಿಸಲು ಬ್ಯಾಂಕಿನ ಮೂಲಕ ಕಟ್ಟಿದ ಗುರುತು ಬೇಕು. ಅಣ್ಣತಮ್ಮಂದಿರ ಪಾಲು ನಿಗದಿಯಾಗಿದ್ದರೆ ಬಾಡಿಗೆ, ಕಂದಾಯ, ಟಿಡಿಎಸ್ ಮೂರನ್ನೂ ಪಾಲಿನ ಪ್ರಕಾರ ಹಂಚಿ ಪ್ರತಿಯೊಬ್ಬರೂ ತಮ್ಮ ತಮ್ಮ ರಿಟರ್ನ್‌ನಲ್ಲಿ ತೋರಿಸಬೇಕು. ಕಂಪನಿ ಒಬ್ಬರ ಪ್ಯಾನ್‌ಗೆ ಮಾತ್ರ ಟಿಡಿಎಸ್ ಹಾಕಿದರೆ ಉಳಿದವರಿಗೆ ಅದನ್ನು ಕೇಳಿ ಪಡೆಯುವುದು ತಲೆನೋವಾಗುತ್ತದೆ. ಅದಕ್ಕೇ ಪೌತಿ ಖಾತೆಯ ಬದಲಾವಣೆ ಮುಗಿಸಿ, ಎಲ್ಲರ ಪ್ಯಾನ್ ಕೊಟ್ಟು, ಆಮೇಲೆ ಕರಾರಿಗೆ ಸಹಿ ಹಾಕುವುದು ಒಳ್ಳೆಯದು.

ಉಳಿದಿರುವ ಪ್ರಶ್ನೆ

ಮುಂಗಡ ಬಾಡಿಗೆಯ ಬಗ್ಗೆ ಸುತ್ತೋಲೆ ಇದೆ, ಕಂದಾಯದ ಬಗ್ಗೆ ಕಾಯ್ದೆಯಲ್ಲೇ ಮಾತಿದೆ. ನಿರ್ವಹಣೆಯ ಹಣದ ಬಗ್ಗೆ ಇನ್ನೂ ಪ್ರಕರಣದಿಂದ ಪ್ರಕರಣಕ್ಕೆ ಉತ್ತರ ಬದಲಾಗುತ್ತಿದೆ. ಬೆಂಗಳೂರಿನ ದೊಡ್ಡ ಮಾಲೀಕನಿಗೆ ಎರಡು ಕರಾರು ಬರೆಸಲು ವಕೀಲರಿದ್ದಾರೆ. ಹನೂರು ತಾಲ್ಲೂಕಿನ ಮಾಲೀಕ ಒಂದೇ ಸ್ಟಾಂಪ್ ಪೇಪರಿನಲ್ಲಿ '27,000 ಬಾಡಿಗೆ' ಎಂದು ಟೈಪ್ ಮಾಡಿಸಿಕೊಂಡು ಬರುತ್ತಾನೆ, ಅದೇ ಖರ್ಚಿಗೆ ಹೆಚ್ಚು ತೆರಿಗೆ ಹೊರುತ್ತಾನೆ. ಸಾಮಾನ್ಯ ಬಳಕೆಯ ನೀರು, ಕರೆಂಟ್, ಶುಚಿತ್ವಕ್ಕೆ ಪಡೆದು, ರಸೀದಿ ಸಮೇತ ಅಷ್ಟನ್ನೂ ಖರ್ಚು ಮಾಡಿದ ಹಣ ಬಾಡಿಗೆಯಲ್ಲ ಎಂದು ಮಂಡಳಿ ಒಂದು ಸುತ್ತೋಲೆ ಹೊರಡಿಸಿದರೆ ಈ ಅನ್ಯಾಯ ನಿಲ್ಲುತ್ತದೆ. ಮುಂಗಡ ಬಾಡಿಗೆಯ ಟಿಡಿಎಸ್‌ಗೆ 2001ರಲ್ಲಿ ಮಾಡಿದ್ದನ್ನು ಇದಕ್ಕೂ ಮಾಡಲು ಅಡ್ಡಿಯೇನೂ ಇಲ್ಲ. ಅಲ್ಲಿಯವರೆಗೆ ಕರಾರು ಬರೆಸುವ ದಿನವೇ ಠೇವಣಿ, ಮುಂಗಡ ಬಾಡಿಗೆ, ನಿರ್ವಹಣೆಯ ಹಣ, ಕಂದಾಯ ಯಾರದ್ದು ಎಂಬ ನಾಲ್ಕು ವಿಷಯಗಳನ್ನು ನಾಲ್ಕು ಕಲಂಗಳಲ್ಲಿ ಬೇರೆ ಬೇರೆ ಬರೆಸಿಕೊಳ್ಳುವುದು ಮಾಲೀಕನ ಕೈಯಲ್ಲೇ ಇದೆ.